ಬಸ್ಸಾ, ಹಾಸ್ಟೆಲ್ಲಾ? ಮೂಡುಬಿದಿರೆ ಒಳಗಿನ ಮನೆ, ಮಂಗಳೂರಿನ ಕಾಲೇಜು

ಅಡ್ಮಿಷನ್ ಮುಗಿಸಿ ಮನೆಗೆ ಬಂದ ಸಂಜೆಯೇ ಅಕ್ಕ ಫೋನು ಮಾಡಿದಳು. ಅವಳ ಮಗಳಿಗೆ, ಅಂದರೆ ನನ್ನ ಸೊಸೆಗೆ, ಮಂಗಳೂರಿನಲ್ಲಿ ಬಿಕಾಂ ಸೀಟು ಆಗಿತ್ತು. ಹಾಸ್ಟೆಲ್ ಫಾರ್ಮು ಕೈಯಲ್ಲಿತ್ತು, ನಾಲ್ಕು ದಿನದೊಳಗೆ ತುಂಬಿ ಕೊಡಬೇಕಿತ್ತು. "ಮೂಡುಬಿದಿರೆಯಿಂದ ಮಂಗಳೂರಿಗೆ ಎಷ್ಟು ದೂರ ಉಂಟು? ಮೂವತ್ತೈದು ಕಿಲೋಮೀಟರ್. ಅಷ್ಟಕ್ಕೆ ಹಾಸ್ಟೆಲ್ ಎಂತಕ್ಕೆ?" ಎಂದು ಭಾವ ಹಿಂದಿನಿಂದ ಹೇಳುತ್ತಿದ್ದದ್ದು ನನಗೂ ಕೇಳಿಸಿತು.

ನಾನು ಡಿಗ್ರಿ ಮೊದಲ ವರ್ಷ ದಿನವೂ ಬಸ್ಸಿನಲ್ಲಿ ಓಡಾಡಿದವನು. ಉಳಿದ ಎರಡು ವರ್ಷ ಹಾಸ್ಟೆಲಿನಲ್ಲಿದ್ದೆ. ಎರಡರ ರುಚಿಯೂ ಗೊತ್ತು. ಹಾಗಾಗಿ ಭಾವನಿಗೆ ಒಂದೇ ಮಾತು ಹೇಳಿದೆ. ಮೂಡುಬಿದಿರೆಯಿಂದ ಮಂಗಳೂರು ಎಷ್ಟು ದೂರ ಎನ್ನುವುದು ಪ್ರಶ್ನೆಯಲ್ಲ, ನಿಮ್ಮ ಮನೆಯಿಂದ ಮೂಡುಬಿದಿರೆ ಎಷ್ಟು ದೂರ ಎನ್ನುವುದು ಪ್ರಶ್ನೆ.

ಅಕ್ಕನ ಮನೆ ಪೇಟೆಯಿಂದ ಒಳಗೆ ಹತ್ತು ಕಿಲೋಮೀಟರ್. ಮನೆಯಿಂದ ಡಾಂಬರು ರಸ್ತೆಗೆ ಹತ್ತು ನಿಮಿಷದ ನಡಿಗೆ. ಅಲ್ಲಿಂದ ಸರ್ವಿಸ್ ಬಸ್ಸಿನಲ್ಲಿ ಮೂಡುಬಿದಿರೆ. ಅಲ್ಲಿ ಇಳಿದು ಮಂಗಳೂರಿನ ಎಕ್ಸ್‌ಪ್ರೆಸ್ ಹಿಡಿಯಬೇಕು. ನಮ್ಮ ಕರಾವಳಿಯಲ್ಲಿ ದೊಡ್ಡ ರಸ್ತೆಯಲ್ಲಿ ಬಸ್ಸಿಗೆ ಬರವಿಲ್ಲ, ಒಂದು ತಪ್ಪಿದರೆ ಹತ್ತು ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಕಷ್ಟ ಇರುವುದು ಒಳರಸ್ತೆಯಲ್ಲಿ. ಅಲ್ಲಿ ಬಸ್ಸು ಗಂಟೆಗೊಂದೋ, ಎರಡು ಗಂಟೆಗೊಂದೋ. ಡ್ರೈವರಿಗೆ ಜ್ವರ ಬಂದರೆ ಆ ಟ್ರಿಪ್ಪೇ ಇಲ್ಲ.

ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ: ಎಷ್ಟು ಬಸ್ಸು ಬದಲಿಸಬೇಕು? ಒಂದೇ ಬಸ್ಸಾದರೆ ಮೂವತ್ತೈದು ಕಿಲೋಮೀಟರ್ ದೊಡ್ಡ ಸಂಗತಿಯಲ್ಲ. ಎರಡಾದರೆ ಇಪ್ಪತ್ತೈದೂ ದೂರವೇ.

ಹೋಗುವುದಲ್ಲ, ಬರುವುದು

ಭಾವ ಲೆಕ್ಕ ಹಾಕಿದ್ದು ಬೆಳಗ್ಗಿನದ್ದು ಮಾತ್ರ. ಆರು ಗಂಟೆಗೆ ಮನೆ ಬಿಟ್ಟರೆ ಎಂಟೂವರೆಯೊಳಗೆ ಕಾಲೇಜು, ಒಂಬತ್ತಕ್ಕೆ ಕ್ಲಾಸು, ಆರಾಮ. ಈ ಲೆಕ್ಕ ಹೆಚ್ಚುಕಡಿಮೆ ಸರಿಯೇ. ಬೆಳಗ್ಗೆ ಎಲ್ಲ ಬಸ್ಸುಗಳೂ ಹೊತ್ತಿಗೆ ಹೊರಡುತ್ತವೆ. ಡ್ರೈವರಿಗೂ ಹೊಸ ದಿನ, ರಸ್ತೆಯೂ ಖಾಲಿ. ಮೂಡುಬಿದಿರೆಯಲ್ಲಿ ಬಸ್ಸು ಹತ್ತುವವರಿಗೆ ಸೀಟೂ ಸಿಗುತ್ತದೆ. ಎಡಪದವು, ಗಂಜಿಮಠ, ಕೈಕಂಬದಲ್ಲಿ ಹತ್ತುವವರು ನಿಂತುಕೊಂಡೇ ಹೋಗಬೇಕು.

ಸಂಜೆಯ ಕಥೆ ಬೇರೆ. ಕ್ಲಾಸು ನಾಲ್ಕಕ್ಕೆ ಬಿಡುತ್ತದೆ ಎಂದುಕೊಳ್ಳಿ. ಸೀಟು ಬೇಕೆಂದರೆ ಬಸ್ಸು ಹೊರಡುವ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೇ ಹೋಗಬೇಕು. ಸಮಯ ಉಳಿಸಲು ಜ್ಯೋತಿಯಲ್ಲೋ ಬಂಟ್ಸ್ ಹಾಸ್ಟೆಲ್‌ನಲ್ಲೋ ಹತ್ತಿದರೆ ನಿಲ್ಲಬೇಕು. (ಬಂಟ್ಸ್ ಹಾಸ್ಟೆಲ್ ಎಂದರೆ ಇಲ್ಲಿ ಬಸ್ ಸ್ಟಾಪಿನ ಹೆಸರು. ಮೊದಲ ವಾರ ಕಂಡಕ್ಟರ್ "ಹಾಸ್ಟೆಲ್, ಹಾಸ್ಟೆಲ್" ಎಂದು ಕೂಗಿದಾಗ ನಾನು ಯಾವ ಹಾಸ್ಟೆಲ್ ಎಂದು ಕೇಳಿ ನಗೆಪಾಟಲಾಗಿದ್ದೆ.) ನಂತೂರು ವೃತ್ತ ದಾಟುವಾಗಲೇ ಎಷ್ಟೋ ದಿನ ಕಾಲು ಗಂಟೆ ಹೋಗುತ್ತದೆ. "ದುಂಬು ಪೋಲೆ, ದುಂಬು ಪೋಲೆ" ಎಂದು ಕಂಡಕ್ಟರ್ ಒಳಗೆ ತಳ್ಳುತ್ತಿರುತ್ತಾನೆ. ಬ್ಯಾಗು ಕೂತವರ ಮಡಿಲಲ್ಲಿ, ನೀವು ಒಂದು ಕೈಯಲ್ಲಿ ಕಂಬಿ ಹಿಡಿದು ವಾಮಂಜೂರು ಏರಿನಲ್ಲಿ. ಬಸ್ಸಿನಲ್ಲಿ ಓದಬಹುದಲ್ಲ ಎನ್ನುವವರು ಸಂಜೆ ಬಸ್ಸು ಹತ್ತಿದವರಲ್ಲ.

ಮೂಡುಬಿದಿರೆ ತಲುಪುವಾಗ ಆರು. ಒಳಗಿನ ಬಸ್ಸು ಆರಕ್ಕೆ ಐದು ನಿಮಿಷ ಇರುವಾಗಲೇ ಹೋಗಿದ್ದರೆ ಮುಂದಿನದು ಏಳಕ್ಕೆ. ಮನೆ ಸೇರುವಾಗ ಏಳೂವರೆ. ಹತ್ತಾರು ಸಲ ಹೀಗಾಗುತ್ತದೆ. ಹಾಗಾಗಿ ಒಳಗಿನ ಬಸ್ಸಿನ ಸಂಜೆಯ ಸಮಯವನ್ನು ಮೊದಲು ಬರೆದುಕೊಳ್ಳಿ, ಬೆಳಗ್ಗಿನದು ಆಮೇಲೆ. ಕಾಲೇಜು ಬಿಟ್ಟ ಮೇಲೆ ಹಿಡಿಯಬಹುದಾದ ಒಳಗಿನ ಬಸ್ಸು ಒಂದೇ ಇದ್ದರೆ ಓಡಾಟ ನಡೆಯುವುದಿಲ್ಲ. ಎರಡಿದ್ದರೆ ನಡೆಯುತ್ತದೆ, ಕಷ್ಟಪಟ್ಟು. ಮೂರಿದ್ದರೆ ಅಥವಾ ಮನೆಯಲ್ಲಿ ಬೈಕು ತಂದು ಕರೆದುಕೊಂಡು ಹೋಗುವವರಿದ್ದರೆ ಚಿಂತೆಯಿಲ್ಲ.

ಭಾವ ಬೈಕು ತರುತ್ತೇನೆ ಎಂದ. ವಾರಕ್ಕೆ ಎಷ್ಟು ದಿನ ಎಂದು ಕೇಳಿದೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲೂ ಬರುತ್ತೀರಾ ಎಂದೆ. ಸುಮ್ಮನಾದ.

ಮೊದಲ ಪಿರಿಯಡ್ಡಿನ ಲೆಕ್ಕ

ಮೊದಲ ವರ್ಷದ ಮಕ್ಕಳಿಗೆ ಯಾರೂ ಬಿಡಿಸಿ ಹೇಳದ ವಿಷಯ ಒಂದಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಿ ಬೇಕು. ಇಂಜಿನಿಯರಿಂಗ್‌ನವರಿಗೆ ಇನ್ನೂ ಬಿಗಿ, ವಿಟಿಯು ಕೇಳುವುದು 85. ಎಪ್ಪತ್ತೈದು ಎಂದರೆ ನಾಲ್ಕರಲ್ಲಿ ಒಂದು ದಿನ ತಪ್ಪಿದರೂ ಆಯಿತಲ್ಲ, ಧಾರಾಳ ಉಂಟು ಎಂದು ನಾನೂ ಅಂದುಕೊಂಡಿದ್ದೆ.

ಆದರೆ ಹಾಜರಿ ಲೆಕ್ಕ ಹಾಕುವುದು ದಿನದಿಂದ ಅಲ್ಲ, ವಿಷಯದಿಂದ. ನನ್ನ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ಪಿರಿಯಡ್ ಇತ್ತು. ಅದರಲ್ಲಿ ಮೂರು ಬೆಳಗ್ಗಿನ ಮೊದಲ ಪಿರಿಯಡ್. ಹದಿನಾರು ವಾರಕ್ಕೆ ಒಟ್ಟು 64 ಕ್ಲಾಸು. 75 ಪರ್ಸೆಂಟ್ ಆಗಬೇಕಾದರೆ 16 ಕ್ಲಾಸು ತಪ್ಪಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಮೊದಲ ಪಿರಿಯಡ್ಡಿನಲ್ಲಿ ಬರುವುದು 48. ಅಂದರೆ ಮೂರರಲ್ಲಿ ಒಂದು ದಿನ ಬಸ್ಸು ತಡವಾದರೆ ಹದಿನಾರೂ ಖಾಲಿ. ಜ್ವರಕ್ಕೆ, ಮನೆಯ ಪೂಜೆಗೆ, ಮದುವೆಗೆ ಒಂದೂ ಉಳಿಯುವುದಿಲ್ಲ. ನಮ್ಮ ಮೇಷ್ಟ್ರು ಐದು ನಿಮಿಷ ಕಳೆದರೆ ರಿಜಿಸ್ಟರ್ ಮುಚ್ಚುತ್ತಿದ್ದರು. ಕ್ಲಾಸಿನಲ್ಲಿ ಕೂರಲು ಬಿಡುತ್ತಿದ್ದರು, ಹಾಜರಿ ಮಾತ್ರ ಕೊಡುತ್ತಿರಲಿಲ್ಲ.

ಉಳಿದ ಎಲ್ಲ ವಿಷಯಗಳಲ್ಲಿ ನನ್ನ ಹಾಜರಿ ತೊಂಬತ್ತರ ಹತ್ತಿರ. ಆ ಒಂದರಲ್ಲಿ ಶಾರ್ಟೇಜ್. ಅಪ್ಪನನ್ನು ಕರೆತಂದು ಸಹಿ ಹಾಕಿಸಿ ಹೇಗೋ ಪಾರಾದೆ.

ಹಾಗಾಗಿ ದಿನವೂ ಓಡಾಡುವ ಯೋಚನೆ ಇದ್ದರೆ ಟೈಮ್‌ಟೇಬಲ್ ಬಂದ ಕೂಡಲೇ ಮೊದಲ ಪಿರಿಯಡ್ಡಿನ ಸಾಲನ್ನು ಮಾತ್ರ ನೋಡಿ. ಆರು ದಿನದಲ್ಲಿ ಬೇರೆ ಬೇರೆ ವಿಷಯಗಳು ಹಂಚಿಹೋಗಿದ್ದರೆ ಅಷ್ಟು ಅಪಾಯವಿಲ್ಲ. ಒಂದೇ ವಿಷಯ ಮೂರು ದಿನ ಕೂತಿದ್ದರೆ ಆ ಮೇಷ್ಟ್ರ ಹತ್ತಿರ ಮೊದಲ ವಾರವೇ ಹೋಗಿ ಹೇಳಿ: "ಸರ್, ನಾನು ಮೂಡುಬಿದಿರೆ ಒಳಗಿನಿಂದ ಬರುವವಳು, ಈ ಬಸ್ಸಿಗೆ ಬರುತ್ತೇನೆ." ತಡವಾದ ಮೇಲೆ ಹೇಳಿದರೆ ಅದು ನೆಪ, ಮೊದಲೇ ಹೇಳಿದರೆ ಮಾಹಿತಿ.

ಮಳೆ ಶುರುವಾದರೆ

ನಮ್ಮಲ್ಲಿ ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮೊದಲ ಸೆಮಿಸ್ಟರಿನ ಅರ್ಧ ಅದರಲ್ಲೇ ಹೋಗುತ್ತದೆ. ಜಿಲ್ಲಾಧಿಕಾರಿ ರಜೆ ಕೊಡುತ್ತಾರಲ್ಲ ಎನ್ನಬಹುದು. ಆ ರಜೆಯ ಆದೇಶವನ್ನು ಸರಿಯಾಗಿ ಓದಬೇಕು. ಎಷ್ಟೋ ಸಲ ಅದು ಅಂಗನವಾಡಿಯಿಂದ ಪಿಯುಸಿವರೆಗೆ ಮಾತ್ರ. ಪಿಯುಸಿ ತನಕ ರಜೆ ಅನುಭವಿಸಿ ಅಭ್ಯಾಸವಾದ ಮಕ್ಕಳಿಗೆ ಡಿಗ್ರಿಗೆ ಬಂದ ಮೇಲೆ ಇದು ಗೊತ್ತಾಗುವುದು. ಡಿಗ್ರಿಯವರಿಗೂ ರಜೆ ಸಿಕ್ಕಿದ ದಿನ, ಆದೇಶ ಬೆಳಗ್ಗೆ ಬಂದರೆ ಒಳಹಳ್ಳಿಯವರು ಅದಾಗಲೇ ಬಸ್ಸಿನಲ್ಲಿರುತ್ತಾರೆ. ಹಾಸ್ಟೆಲಿನವರು ಮಗ್ಗುಲು ಬದಲಿಸಿ ಮಲಗುತ್ತಾರೆ.

ಮಂಗಳೂರು–ಮೂಡುಬಿದಿರೆ ಹೆದ್ದಾರಿ ಅಗಲ ಮಾಡುವ ಕೆಲಸ ವರ್ಷಗಳಿಂದ ನಡೆದಿದೆ. ಗುಡ್ಡ ಕೊರೆದ ಕಡೆ ಮಳೆಗೆ ಮಣ್ಣು ಜಾರುತ್ತದೆ, ಅಗೆದ ಕಡೆ ಕೆಸರು. ನಿಮ್ಮ ರಸ್ತೆ ಬೇರೆಯಾದರೂ ಇದನ್ನೊಮ್ಮೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಒಂದೂಕಾಲು ಗಂಟೆಯ ದಾರಿ ಜುಲೈಯಲ್ಲಿ ಎಷ್ಟಾಗುತ್ತದೆ? ಅಡ್ಮಿಷನ್ನಿಗೆ ಮೇ ತಿಂಗಳಲ್ಲಿ ಕಾರಿನಲ್ಲಿ ಹೋಗಿ ಬಂದ ಲೆಕ್ಕ ಇದಕ್ಕೆ ಬರುವುದಿಲ್ಲ.

ಒದ್ದೆ ಚಪ್ಪಲಿ, ಒದ್ದೆ ಚೂಡಿದಾರದಲ್ಲಿ ಇಡೀ ದಿನ ಕ್ಲಾಸಿನಲ್ಲಿ ಕೂರುವುದು ಸಣ್ಣ ವಿಷಯ ಎಂದು ಗಂಡಸರಿಗೆ ಅನಿಸಬಹುದು. ಸೊಸೆಯ ಗೆಳತಿಯರ ಅಕ್ಕಂದಿರು ಮೊದಲು ಹೇಳಿದ್ದೇ ಅದನ್ನು. ಹಾಗಂತ ಹಾಸ್ಟೆಲಿನಲ್ಲೂ ಮಳೆಗಾಲ ಸುಖವಲ್ಲ. ಅಲ್ಲಿ ಬಟ್ಟೆ ಒಣಗುವುದಿಲ್ಲ. ಮನೆಯಲ್ಲಾದರೆ ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿದರೆ ಆಯಿತು. ಹಾಸ್ಟೆಲಿನ ಕಾರಿಡಾರಿನಲ್ಲಿ ಜೀನ್ಸ್ ಹಾಕಿದರೆ ನಾಲ್ಕನೇ ದಿನಕ್ಕೂ ವಾಸನೆ. ಮಳೆಗಾಲ ಮುಗಿಯುವ ತನಕ ದಪ್ಪ ಬಟ್ಟೆ ಕಳಿಸಬೇಡಿ.

ದುಡ್ಡು

ಭಾವನಿಗೆ ಬೇಕಾಗಿದ್ದದ್ದು ಇದು. ಕಾಗದದಲ್ಲಿ ಬರೆದೆವು. ದರಗಳು ನಿಮ್ಮ ಊರಿಗೆ, ನಿಮ್ಮ ಹಾಸ್ಟೆಲಿಗೆ ಬೇರೆಯಿರುತ್ತವೆ, ಲೆಕ್ಕದ ದಾರಿ ಮಾತ್ರ ಇದೇ.

ಸೆಮಿಸ್ಟರಿಗೆ ಸುಮಾರು ತೊಂಬತ್ತು ದಿನ ಪಾಠ. ವರ್ಷಕ್ಕೆ 180. ಪರೀಕ್ಷೆ, ಫೀಸು, ಕಾರ್ಯಕ್ರಮ ಎಲ್ಲ ಸೇರಿಸಿ 200 ದಿನ ಓಡಾಟ ಎಂದುಕೊಂಡೆವು. ಎರಡು ಬಸ್ಸಿಗೆ ಹೋಗಿ ಬರಲು ಪೂರ್ತಿ ಟಿಕೆಟಿಗೆ 140 ರೂಪಾಯಿ, ವಿದ್ಯಾರ್ಥಿ ರಿಯಾಯಿತಿ ಕಳೆದು 90 ಎಂದು ಹಿಡಿದೆವು. ವರ್ಷಕ್ಕೆ 18,000. ಬೆಳಗ್ಗೆ ಐದೂವರೆಗೆ ಸರಿಯಾಗಿ ತಿಂಡಿ ಇಳಿಯುವುದಿಲ್ಲ, ಸಂಜೆ ಹಸಿವು ತಡೆಯುವುದಿಲ್ಲ. ಕ್ಯಾಂಟೀನಿನ ಬನ್ಸು, ಚಹಾಕ್ಕೆ ದಿನಕ್ಕೆ 40. ಅದು 8,000. ಒಳಗಿನ ಬಸ್ಸು ತಪ್ಪಿದಾಗ ರಿಕ್ಷಾ, ವರ್ಷಕ್ಕೆ ಹತ್ತು ಸಲ ಎಂದರೂ 1,500. ಒಟ್ಟು 27,500.

ಹಾಸ್ಟೆಲಿಗೆ ಊಟ ಸೇರಿ ವರ್ಷಕ್ಕೆ 60,000. ಮೂವತ್ತು ವಾರಾಂತ್ಯ ಮನೆಗೆ ಬಂದು ಹೋಗಲು, ಆಗ ಪಾಸು ಇರುವುದಿಲ್ಲವಾದ್ದರಿಂದ ಪೂರ್ತಿ ಟಿಕೆಟು, 4,200. ಸೋಪು, ಬಕೆಟು, ಸಂಜೆಯ ತಿಂಡಿ, ರೀಚಾರ್ಜು ಎಂದು 5,500. ಒಟ್ಟು 69,700.

ವ್ಯತ್ಯಾಸ 42,200. ಭಾವ ಪೆನ್ನು ಕೆಳಗಿಟ್ಟ. ನೋಡಿದೆಯಾ ಎನ್ನುವ ಮುಖ.

ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಆ ನಲವತ್ತೆರಡು ಸಾವಿರಕ್ಕೆ ಏನು ಸಿಗುತ್ತದೆ? ಬಾಗಿಲಿನಿಂದ ಬಾಗಿಲಿಗೆ ಎರಡೂಕಾಲು ಗಂಟೆ, ದಿನಕ್ಕೆ ನಾಲ್ಕೂವರೆ. 200 ದಿನಕ್ಕೆ 900 ಗಂಟೆ. ಹಾಸ್ಟೆಲಿನವಳು ವಾರಾಂತ್ಯಕ್ಕೆ ಬರುವ 135 ಗಂಟೆ ಕಳೆಯಿರಿ. ಉಳಿಯುವುದು 765 ಗಂಟೆ. ಅಂದರೆ ಗಂಟೆಗೆ 55 ರೂಪಾಯಿ ಕೊಟ್ಟು ಮಗಳಿಗೆ ಹೊತ್ತು ತೆಗೆದುಕೊಡುತ್ತೀರಿ.

ಇದೇ ಲೆಕ್ಕವನ್ನು ಹೆದ್ದಾರಿ ಬದಿಯ ಮನೆಗೆ ಹಾಕಿ ನೋಡಿ. ಗಂಜಿಮಠದಲ್ಲಿ ಮನೆ, ಒಂದೇ ಬಸ್ಸು, ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ ಹತ್ತು ನಿಮಿಷ. ಓಡಾಟದ ಖರ್ಚು ತಿಂಡಿ ಸೇರಿ 14,000 ಎಂದಿಟ್ಟುಕೊಳ್ಳಿ. ಹಾಸ್ಟೆಲಿಗೆ ಎಲ್ಲ ಸೇರಿ 67,600. ವ್ಯತ್ಯಾಸ 53,600. ಉಳಿಯುವ ಹೊತ್ತು ಸುಮಾರು 400 ಗಂಟೆ. ಒಂದು ಗಂಟೆಗೆ 135 ರೂಪಾಯಿ ಬಿದ್ದಂತಾಯಿತು. ಹಾಸ್ಟೆಲ್ ಅದೇ, ಕಾಲೇಜು ಅದೇ. ಆ ಮನೆಯವರು ಹಾಸ್ಟೆಲಿಗೆ ಕಳಿಸುವುದು ಸುಮ್ನೆ ಖರ್ಚು ಎಂದೇ ನಾನು ಹೇಳುತ್ತೇನೆ.

ಎರಡು ಎಚ್ಚರಿಕೆ. ವಿದ್ಯಾರ್ಥಿ ರಿಯಾಯಿತಿ ಎಂದು ಸುಲಭವಾಗಿ 90 ಬರೆದೆವು, ಆದರೆ ಖಾಸಗಿ ಬಸ್ಸಿನಲ್ಲಿ ರಿಯಾಯಿತಿ ಎಲ್ಲ ಕಡೆ ಒಂದೇ ರೀತಿ ಇಲ್ಲ. ಸರ್ವಿಸ್ ಬಸ್ಸಿನಲ್ಲಿ ಕೊಟ್ಟವರು ಎಕ್ಸ್‌ಪ್ರೆಸ್ಸಿನಲ್ಲಿ ಕೊಡದೆ ಇರಬಹುದು. ಅದೇ ರೂಟಿನಲ್ಲಿ ಹೋಗುವ ಹಳೆಯ ವಿದ್ಯಾರ್ಥಿಯನ್ನೇ ಕೇಳಿ.

ಇನ್ನೊಂದು ಹೆಣ್ಣುಮಕ್ಕಳ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಹಾಗಾದರೆ ಬಸ್ಸಿನ ಖರ್ಚೇ ಇಲ್ಲವಲ್ಲ ಎಂದು ಬೆಂಗಳೂರಿನ ನೆಂಟರು ಹೇಳುತ್ತಾರೆ. ಅವರಿಗೆ ನಮ್ಮ ಕರಾವಳಿ ಗೊತ್ತಿಲ್ಲ. ಪುತ್ತೂರು, ಸುಳ್ಯ, ಧರ್ಮಸ್ಥಳದ ಕಡೆಯಿಂದ ಬರುವವರಿಗೆ ಸರ್ಕಾರಿ ಬಸ್ಸು ಜಾಸ್ತಿ, ಆ ಹುಡುಗಿಯರಿಗೆ ಓಡಾಟದ ಖರ್ಚು ಹೆಚ್ಚುಕಡಿಮೆ ಸೊನ್ನೆ. ಮೂಡುಬಿದಿರೆ, ಕಾರ್ಕಳ, ಉಡುಪಿ ದಾರಿಯಲ್ಲಿ ಖಾಸಗಿ ಬಸ್ಸೇ ಹೆಚ್ಚು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ಅಷ್ಟೇ ದೂರದ ಪುತ್ತೂರಿನ ಹುಡುಗಿ ಓಡಾಡುತ್ತಾಳೆ ಎಂದು ನಿಮ್ಮ ಮಗಳಿಗೆ ಹೇಳುವ ಮೊದಲು ಅವಳ ಬಸ್ಸು ಯಾವ ಬಣ್ಣದ್ದು ನೋಡಿ.

ಹಾಸ್ಟೆಲ್ ಎಂದರೆ ಯಾವ ಹಾಸ್ಟೆಲ್?

ಇಷ್ಟೆಲ್ಲ ಬರೆದು ಹಾಸ್ಟೆಲಿನ ಕಡೆಗೇ ವಾಲಿದ್ದೇನೆ ಅನಿಸಬಹುದು. ಉಳಿಯುವ 765 ಗಂಟೆ ನಿಜವಾಗಿ ಕೈಗೆ ಸಿಗುವುದು ಹಾಸ್ಟೆಲ್ ಸರಿಯಾಗಿದ್ದರೆ ಮಾತ್ರ. ಎರಡನೇ ವರ್ಷ ನಾನು ಸೇರಿದ ಕಡೆ ಒಂದು ರೂಮಿಗೆ ಆರು ಜನ. ರಾತ್ರಿ ಏಳೂವರೆಯಿಂದ ಒಂಬತ್ತರವರೆಗೆ ಸ್ಟಡಿ ಅವರ್ ಎಂದು ಬೋರ್ಡಿನಲ್ಲಿ ಬರೆದಿತ್ತು. ವಾರ್ಡನ್ ಸುತ್ತು ಹೊಡೆಯುವಾಗ ಪುಸ್ತಕ, ಹೋದ ಮೇಲೆ ಇಸ್ಪೀಟು. ಮನೆಯಲ್ಲಿ ಚಿಮಣಿ ಬುಡ್ಡಿಯ ಹಾಗಿನ ಬಲ್ಬಿನಲ್ಲಿ ಒಬ್ಬನೇ ಕೂತು ಒಂದು ಗಂಟೆ ಓದಿದಷ್ಟೂ ಅಲ್ಲಿ ಮೂರು ಗಂಟೆಯಲ್ಲಿ ಆಗುತ್ತಿರಲಿಲ್ಲ.

ಹಾಗಾಗಿ ನೋಡಲು ಹೋಗುವುದಾದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಹಾಸ್ಟೆಲೂ ಸ್ವಚ್ಛ, ಎಲ್ಲ ಹಾಸ್ಟೆಲೂ ಶಾಂತ. ರಾತ್ರಿ ಎಂಟರ ಸುಮಾರಿಗೆ ಹೋಗಲು ಬಿಟ್ಟರೆ ಹೋಗಿ. ಬಿಡದಿದ್ದರೆ ಅಲ್ಲೇ ಇರುವ ಎರಡನೇ ವರ್ಷದವರನ್ನು ಗೇಟಿನ ಹೊರಗೆ ಸಿಕ್ಕಿ ಮಾತಾಡಿಸಿ. "ಊಟ ಹೇಗೆ?" ಎಂದು ಕೇಳಿದರೆ ಎಲ್ಲರೂ ಕೆಟ್ಟದು ಎನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. "ನಿನ್ನೆ ರಾತ್ರಿ ಎಂತ ಇತ್ತು? ಎಷ್ಟು ಜನ ಬಿಟ್ಟು ಹೊರಗೆ ತಿಂದರು?" ಎಂದು ಕೇಳಿ. ಅನ್ನ ಯಾವುದು ಎಂದೂ ಕೇಳಿ. ಹುಟ್ಟಿದಾಗಿನಿಂದ ಕುಚ್ಚಲಕ್ಕಿ ಉಂಡ ಮಕ್ಕಳಿಗೆ ದಿನವೂ ಎರಡು ಹೊತ್ತು ಬೆಳ್ತಿಗೆ ಅನ್ನವಾದರೆ ರಾತ್ರಿ ಹತ್ತಕ್ಕೇ ಮತ್ತೆ ಹಸಿವು. ಅದು ಬಿಸ್ಕಿಟಿನ ಖರ್ಚಾಗಿ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ನೀರಿನ ವಿಷಯ ಮಳೆಗಾಲದಲ್ಲಿ ಯಾರಿಗೂ ಹೊಳೆಯುವುದಿಲ್ಲ. ಮಂಗಳೂರಿಗೆ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಗರದಲ್ಲಿ ಕೆಲವು ದಿನ ನೀರು ನಿಲ್ಲಿಸಿ ರೇಷನ್ ಮಾಡಿದ್ದುಂಟು, 2019ರಲ್ಲಿ ಹಾಗಾಯಿತು. ಎರಡನೇ ಸೆಮಿಸ್ಟರಿನ ಪರೀಕ್ಷೆಗೂ ಆ ಹೊತ್ತಿಗೂ ಹೆಚ್ಚು ಅಂತರ ಇರುವುದಿಲ್ಲ. ಹಾಸ್ಟೆಲಿಗೆ ಸ್ವಂತ ಬಾವಿಯೋ ಬೋರ್‌ವೆಲ್ಲೋ ಉಂಟಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಿಟಕಿಗೆ ಸೊಳ್ಳೆ ಬಲೆ ಇದೆಯಾ ನೋಡಿ. ಮಂಗಳೂರಿನ ಮಲೇರಿಯಾ, ಡೆಂಗ್ಯೂ ಹೆಸರಾದದ್ದೇ.

ಹುಡುಗಿಯರ ಹಾಸ್ಟೆಲಿನ ಗೇಟು ಸಂಜೆ ಆರೂವರೆಗೋ ಏಳಕ್ಕೋ ಮುಚ್ಚುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇಡ. ಕೇಳಬೇಕಾದ್ದು ಬೇರೆ: ಕಾಲೇಜಿನಲ್ಲೇ ಕಾರ್ಯಕ್ರಮವಿದ್ದು ಎಂಟಾದರೆ ಏನು ಮಾಡುತ್ತಾರೆ? ಲಿಖಿತ ಅನುಮತಿ ಸಾಕಾ, ಮನೆಯವರೇ ಫೋನು ಮಾಡಬೇಕಾ? ಶನಿವಾರ ಮನೆಗೆ ಹೋಗಲು ಔಟ್‌ಪಾಸು ಪ್ರತಿ ವಾರ ಕೊಡುತ್ತಾರಾ, ತಿಂಗಳಿಗೆ ಎರಡೇ ಸಲವಾ? ಇಷ್ಟು ಹತ್ತಿರದ ಊರಿನವರಿಗೆ ಇದೇ ಮುಖ್ಯ. ಪ್ರತಿ ಶನಿವಾರ ಮನೆಗೆ ಬರಬಹುದಾದ ಹಾಸ್ಟೆಲಿಗೂ ತಿಂಗಳಿಗೊಮ್ಮೆ ಬಿಡುವ ಹಾಸ್ಟೆಲಿಗೂ ಮೊದಲ ಸೆಮಿಸ್ಟರಿನಲ್ಲಿ ಅಜಗಜಾಂತರ.

ಫೀಸು ಕಟ್ಟುವ ಮೊದಲು ಒಂದು ಪ್ರಶ್ನೆ ಬಾಯಿಬಿಟ್ಟು ಕೇಳಿ: ಎರಡು ತಿಂಗಳಾದ ಮೇಲೆ ಬಿಟ್ಟರೆ ಎಷ್ಟು ವಾಪಸ್? ಎಷ್ಟೋ ಕಡೆ ರೂಮಿನ ಬಾಡಿಗೆ ಇಡೀ ವರ್ಷದ್ದು ಹೋಗುತ್ತದೆ, ಊಟದ ದುಡ್ಡು ಮಾತ್ರ ಉಳಿದ ತಿಂಗಳಿಗೆ ಸಿಗುತ್ತದೆ. ಇದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. "ಮೊದಲು ಓಡಾಡಲಿ, ಆಗದಿದ್ದರೆ ಆಮೇಲೆ ಹಾಸ್ಟೆಲ್" ಎನ್ನುವ ಯೋಚನೆಗೂ ಇದೇ ತೊಡಕು. ಆಗಸ್ಟ್ ಮುಗಿಯುವಾಗ ಒಳ್ಳೆಯ ಹಾಸ್ಟೆಲಿನಲ್ಲಿ ಸೀಟು ಇರುವುದಿಲ್ಲ, ಪಿಜಿ ಹುಡುಕಬೇಕು. ಪಿಜಿಯಲ್ಲಿ ಕೇಳುವವರಿಲ್ಲ. ಮೊದಲ ವರ್ಷದವರಿಗೆ ಅದನ್ನು ನಾನು ಹೇಳುವುದಿಲ್ಲ.

ಸರ್ಕಾರಿ ಹಾಸ್ಟೆಲುಗಳನ್ನು ಮರೆಯಬೇಡಿ. ಹಿಂದುಳಿದ ವರ್ಗ, ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳಲ್ಲಿ ಊಟ, ವಸತಿ ಉಚಿತ. ಸೀಟು ಸಿಕ್ಕಿದರೆ ಮೇಲಿನ ಲೆಕ್ಕವೇ ತಲೆಕೆಳಗು, ಓಡಾಟಕ್ಕಿಂತ ಹಾಸ್ಟೆಲೇ ಅಗ್ಗ. ಅರ್ಜಿ ಆನ್‌ಲೈನಿನಲ್ಲಿ, shp.karnataka.gov.in ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕಾಗುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದು, ಕೊನೆಯ ದಿನ ನಾಡಕಚೇರಿಗೆ ಓಡುವುದೇ ಇಲ್ಲಿ ಸಾಮಾನ್ಯ ಎಡವಟ್ಟು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ಹಣ ಸಿಗುತ್ತದೆ. ಅದಕ್ಕೂ ಇದೇ ಕಾಗದಪತ್ರ.

ಒಂದು ಸೋಮವಾರ

ಫಾರ್ಮು ಕೊಡಲು ಎರಡು ದಿನ ಇರುವಾಗ ಅಕ್ಕನಿಗೆ ಒಂದು ಕೆಲಸ ಹೇಳಿದೆ. ಸೋಮವಾರ ಸೊಸೆಯನ್ನು ಕರೆದುಕೊಂಡು ನಿಜವಾದ ಬಸ್ಸಿಗೇ ಹೋಗಿ ಬಾ. ಆರಕ್ಕೆ ಹೊರಡು. ಮಂಗಳೂರಿನಲ್ಲಿ ನಾಲ್ಕರವರೆಗೆ ಎಲ್ಲಾದರೂ ಕೂತಿರಿ. ನಾಲ್ಕರ ಮೇಲೆ ಕಾಲೇಜಿನ ಹತ್ತಿರದ ಸ್ಟಾಪಿನಲ್ಲೇ ಹತ್ತು, ಸ್ಟೇಟ್‌ಬ್ಯಾಂಕಿಗೆ ಹೋಗಬೇಡ. ಮನೆಗೆ ಬಂದು ಕೈಕಾಲು ತೊಳೆದು ಎಷ್ಟು ಗಂಟೆಗೆ ಪುಸ್ತಕ ಹಿಡಿಯಬಹುದು ನೋಡಿ.

ಅವತ್ತು ಮಳೆಯಿತ್ತು. ಇಬ್ಬರೂ ಮನೆ ಸೇರುವಾಗ ಏಳು ಕಾಲು. ಸೊಸೆ ಊಟ ಮಾಡಿ ಎಂಟೂವರೆಗೆ ನಿದ್ದೆ ಹೋದಳಂತೆ. ಫಾರ್ಮಿಗೆ ಭಾವನೇ ಸಹಿ ಹಾಕಿದ.

ಅವಳಿಗೆ ಸಿಕ್ಕಿದ್ದು ಮೂವರ ರೂಮು, ಪ್ರತಿ ಶನಿವಾರ ಔಟ್‌ಪಾಸು. ಮೊದಲ ಮೂರು ವಾರ ರಾತ್ರಿ ಫೋನಿನಲ್ಲಿ ಅಳು ಇತ್ತು. ಇಷ್ಟು ಹತ್ತಿರ ಇರುವುದರಿಂದಲೇ ಅದು ಜಾಸ್ತಿ ಎಂದು ನನಗೆ ಅನಿಸುತ್ತದೆ. ಧಾರವಾಡಕ್ಕೆ ಹೋದವರಿಗೆ ಬುಧವಾರ ಎದ್ದು ಮನೆಗೆ ಬರಬಹುದು ಎನ್ನುವ ಆಸೆಯೇ ಇರುವುದಿಲ್ಲ. ಅಕ್ಕ ಒಂದು ಬುಧವಾರ ಕರೆಸಿಕೊಂಡೂ ಬಿಟ್ಟಳು, ಗುರುವಾರದ ಎರಡು ಕ್ಲಾಸು ಹೋಯಿತು. ಆಮೇಲೆ ಶನಿವಾರ ಮಾತ್ರ ಎಂದು ಇಬ್ಬರೂ ಒಪ್ಪಿಕೊಂಡರು.

ವಾಪಸು ಹೋಗುವುದರಲ್ಲೂ ಒಂದು ತಪ್ಪು ಮಾಡಿ ತಿದ್ದಿಕೊಂಡರು. ಮೊದಲು ಭಾನುವಾರ ರಾತ್ರಿ ಮನೆಯಲ್ಲೇ ಉಳಿದು ಸೋಮವಾರ ಬೆಳಗ್ಗೆ ಹೊರಡುತ್ತಿದ್ದಳು. ವಾರದಲ್ಲಿ ಒಂದು ದಿನ ಅದೇ ಆರು ಗಂಟೆಯ ಬಸ್ಸು, ಅದೇ ಮೊದಲ ಪಿರಿಯಡ್ಡಿನ ಓಟ. ಈಗ ಭಾನುವಾರ ಸಂಜೆ ನಾಲ್ಕರ ಬಸ್ಸು. ಗೇಟು ಮುಚ್ಚುವ ಮೊದಲು ತಲುಪುತ್ತಾಳೆ. ಬ್ಯಾಗಿನಲ್ಲಿ ಒಣಗಿದ ಬಟ್ಟೆ, ಒಂದು ಡಬ್ಬ ಚಟ್ನಿಪುಡಿ, ರೂಮಿನ ಮೂವರಿಗೂ ಆಗುವಷ್ಟು ಹಲಸಿನ ಹಪ್ಪಳ.